ನಕ್ಷತ್ರದ ದೀಪಕ್ಕೆ ನಾನು ಬರೆದ ಕನ್ನಡ

ಅಪ್ಪ ಅಮ್ಮ ಮೈಸೂರಿನಿಂದ ನಮ್ಮ ಮನೆಗೆ ಬಂದ ಮೇಲೆ ಅಮ್ಮ ದಿನವೂ ಪಾತ್ರೆಗಳನ್ನು ಕೈಯಲ್ಲೇ ತಿಕ್ಕುತ್ತಿದ್ದಳು. ಸೊಂಟ ಹಿಡಿದುಕೊಂಡಿತು. ಡಿಶ್‌ವಾಶರ್ ಬಳಸು ಅಂದರೆ, "ಆ ಇಂಗ್ಲಿಷ್ ಗುಂಡಿಗಳನ್ನ ನಾನು ಮುಟ್ಟಲ್ಲಪ್ಪ" ಅನ್ನುತ್ತಿದ್ದಳು. ಅದಕ್ಕೇ ದಪ್ಪ ಕಾಗದದ ಮೇಲೆ ಒಂದೊಂದು ಗುಂಡಿಯ ಕೆಲಸವನ್ನೂ ಕನ್ನಡದಲ್ಲಿ ಬರೆದು ಸಿಂಕಿನ ಮೇಲಿನ ಕಪಾಟಿಗೆ ಅಂಟಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಜೋರಾಗಿ ಓದಿ ಒಪ್ಪಿಕೊಂಡಳು. ಕೆಲವು ದಿನ ಎಲ್ಲ ಸರಿಯಾಗಿಯೇ ನಡೆಯಿತು.

ನಮ್ಮದು ವೆಸ್ಟ್‌ಮೀಡ್‌ನಲ್ಲಿ ಬಾಡಿಗೆ ಫ್ಲಾಟು. ನಾನು ಅಲ್ಲಿಗೆ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸು. ಆ ವಾರ ನನ್ನ ಗಂಡ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋಗಿದ್ದರು. ಒಂದು ದಿನ ಬೆಳಗಿನ ಟೀ ಬ್ರೇಕಿನಲ್ಲಿ ಫೋನ್ ತೆಗೆದರೆ ಅಮ್ಮನ ಮಿಸ್ಡ್ ಕಾಲ್‌ಗಳು. ವೀಡಿಯೊ ಕಾಲ್ ಮಾಡಿದೆ. ಪರದೆಯಲ್ಲಿ ಕಂಡದ್ದು ಬರೀ ಚಾವಣಿ.

"ಅಮ್ಮಾ, ಏನಾಯ್ತು?"

"ಏನೂ ಇಲ್ಲ ಕಣೇ. ಸ್ವಲ್ಪ ನೊರೆ ಬಂದಿದೆ, ಅಷ್ಟೆ."

"ಫೋನ್ ಕೆಳಗೆ ತೋರಿಸು."

ಯಂತ್ರದ ಬಾಗಿಲಿನ ಸಂದಿಯಿಂದ ಬಿಳಿ ನೊರೆ ಉಕ್ಕುತ್ತಿತ್ತು. ಅಡುಗೆಮನೆಯ ಟೈಲ್ಸ್ ಅರ್ಧ ಮುಚ್ಚಿಹೋಗಿತ್ತು. ಆ ನೊರೆಯ ನಡುವೆ ಅಪ್ಪ ಕಾಲು ಚಾಚಿ ನೆಲದ ಮೇಲೆ ಕೂತಿದ್ದರು. ಅವರ ಬಲ ಸೊಂಟದ ಕೀಲು ಬದಲಾಯಿಸಿ ಇನ್ನೂ ವರ್ಷ ತುಂಬಿರಲಿಲ್ಲ.

"ಅಪ್ಪಾ, ಏಳೋಕೆ ಹೋಗಬೇಡಿ. ಯಾವ ಕಡೆ ಬಿದ್ದಿರಿ?"

"ಎಡಗಡೆ. ಬಕೆಟ್ ತರೋಕೆ ಹೋದೆ, ಜಾರ್ತು. ನನ್ನ ಬಿಡು, ಮೊದಲು ಈ ಮಿಷನ್ ನಿಲ್ಸೋದು ಹೇಗೆ ಹೇಳು. ನಿಮ್ಮಮ್ಮ ಒತ್ತಿ ಒತ್ತಿ ಸಾಕಾಗಿದ್ದಾಳೆ."

ಅಮ್ಮನಿಗೆ ಟವೆಲ್‌ಗಳನ್ನು ಹಾಸಿ, ಒಣಗಿದ ಕಡೆ ನಿಂತುಕೊಳ್ಳಲು ಹೇಳಿದೆ. ಪ್ಲಗ್ ಇದ್ದದ್ದು ಸಿಂಕಿನ ಕೆಳಗಿನ ಕಪಾಟಿನೊಳಗೆ. ಒದ್ದೆ ಕೈಯಲ್ಲಿ ಅದಕ್ಕೆ ಕೈ ಹಾಕಬೇಡ ಎಂದು ಬೇಡಿಕೊಂಡೆ. "ಕಾರ್ಡಿನಲ್ಲಿ ‘ರದ್ದು’ ಅಂತ ಬರೆದಿದ್ದೀನಲ್ಲ, ಅದನ್ನ ಮಾಡು."

"ಮಾಡಿದೆ ಕಣೇ! ‘ಶುರು ಗುಂಡಿ ಒತ್ತಿ, ಮೂರು ಸೆಕೆಂಡ್’ ಅಂತಿದೆ. ಒತ್ತಿದೆ. ಒಂದು, ಎರಡು, ಮೂರು ಎಣಿಸಿದೆ. ನಿಲ್ಲಲೇ ಇಲ್ಲ."

ಒತ್ತಿ ಕೈ ತೆಗೆದು, ಆಮೇಲೆ ಎಣಿಸಿದ್ದಾಳೆ! ನಾನು ಬರೆದದ್ದನ್ನು ಹಾಗೆ ಓದಿದವಳದು ತಪ್ಪೇ ಅಲ್ಲ.

"ಬಿಡಬೇಡಮ್ಮ. ಅಮುಕಿ ಹಿಡ್ಕೋ. ನಾನು ಹೇಳೋವರೆಗೂ ಹಿಡ್ಕೊಂಡೇ ಇರು."

ಫೋನನ್ನು ಅಪ್ಪನ ಕೈಗೆ ಕೊಟ್ಟು ಬಗ್ಗಿದಳು. ಯಂತ್ರದ ಗುಂಯ್ ಸದ್ದು ನಿಂತಿತು. ನೀರು ಹೊರಹೋಗುವ ಗೊರಗೊರ ಕೇಳಿತು.

ಪಾಳಿಯ ಉಸ್ತುವಾರಿ ಹೊತ್ತ ಚಾರ್ಜ್ ನರ್ಸ್‌ಗೆ ವಿಷಯ ಹೇಳಿ ಮನೆಗೆ ಓಡಿದೆ. ದಾರಿಯುದ್ದಕ್ಕೂ ಫೋನ್ ಕಟ್ ಮಾಡದೆ, "ಕಾಲು ಮರಗಟ್ಟಿದೆಯಾ? ಬೆರಳು ಆಡಿಸಿ" ಎಂದು ಅಪ್ಪನನ್ನು ಕೇಳುತ್ತಲೇ ಇದ್ದೆ. "ಆಡ್ತಿದೆ, ಆಡ್ತಿದೆ" ಅಂದರು, ಸಿಡುಕಿನಿಂದ. ಮನೆಗೆ ಬಂದು ನೋಡಿದರೆ ಮಾತಿನಲ್ಲಿದ್ದ ಧೈರ್ಯ ಮುಖದಲ್ಲಿರಲಿಲ್ಲ. ಆಂಬುಲೆನ್ಸ್ ಕರೆಸಿದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಗುವವರೆಗೆ ಅಮ್ಮ ನನ್ನ ಮುಖ ನೋಡಲಿಲ್ಲ. ಅವಳ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು.

"ಮೂಳೆಗೇನೂ ಆಗಿಲ್ಲ, ಕೀಲೂ ಸರಿಯಾಗಿದೆ" ಎಂದು ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. ಆಗ ಅಮ್ಮನಿಗೆ ಅಳು ಬಂತು. "ನೀನು ಬರೆದ ಹಾಗೇ ಮಾಡಿದೆನಲ್ಲೇ. ಮಿಷನ್ ಮೇಲೆ ನಕ್ಷತ್ರದ ದೀಪ ಹತ್ತಿತ್ತು. ತೊಳೆಯೋ ದ್ರವ ಹಾಕಬೇಕು ಅಂತ ನೀನೇ ಬರೆದಿದ್ದೆ. ಸಿಂಕ್ ಹತ್ರ ಇದ್ದ ಲಿಕ್ವಿಡ್ಡನ್ನೇ ತುಂಬಿ ಹಾಕಿದೆ. ಸ್ವಲ್ಪ ಚೆಲ್ಲಿತು ಕೂಡ."

ಆ ದೀಪ ಕೇಳಿದ್ದು ನೀಲಿ ಬಾಟ್ಲಿಯ ರಿನ್ಸ್ ಏಡ್. ಕೊನೆಯ ನೀರಿಗೆ ಸೇರಿ, ಪಾತ್ರೆ ಕಲೆಯಿಲ್ಲದೆ ಒಣಗುವಂತೆ ಮಾಡುವ, ನೊರೆ ಬರದ ದ್ರವ. ಅದಕ್ಕೆ ನಾನು ಕನ್ನಡ ಮಾಡಿದ ಮಾತು, ಕೈಯಲ್ಲಿ ಪಾತ್ರೆ ತಿಕ್ಕುವ ಸೋಪಿಗೇ ಹೆಚ್ಚು ಒಪ್ಪುತ್ತಿತ್ತು.

ಸಂಜೆ ಅಪ್ಪ ಸೋಫಾದಲ್ಲಿ ಐಸ್ ಪ್ಯಾಕ್ ಇಟ್ಟುಕೊಂಡು ಮಲಗಿದ್ದರು. ನಾನೂ ಅಮ್ಮನೂ ಯಂತ್ರದ ಮುಂದೆ ಕೂತೆವು. ಬಾಗಿಲಿನ ಒಳಗೆ ರಿನ್ಸ್ ಏಡ್ ಹಾಕುವ ಪುಟ್ಟ ಗೂಡಿನಿಂದ ಸಿರಿಂಜಿನಲ್ಲಿ ಸೋಪು ಎಳೆದು ತೆಗೆದೆ. ನೀರು ತುಂಬಿ, ಮತ್ತೆ ಎಳೆದೆ. ನೊರೆ ಕಾಣದಾಗುವವರೆಗೂ ಹಾಗೇ ಮಾಡಿದೆ. ಅಮ್ಮ ಟಾರ್ಚ್ ಹಿಡಿದಿದ್ದಳು. ಪಾತ್ರೆ ಹಾಕದೆ ಬರೀ ನೀರಿನಲ್ಲಿ ಒಮ್ಮೆ ಓಡಿಸಿ, ಇಬ್ಬರೂ ಬಾಗಿಲಿನ ಸಂದಿಯನ್ನೇ ನೋಡುತ್ತ ಕೂತೆವು. ಏನೂ ಉಕ್ಕಲಿಲ್ಲ.

"ಹೊಸ ಕಾರ್ಡ್ ಬರೆದು ಅಂಟಿಸ್ತೀನಮ್ಮ" ಅಂದೆ.

"ನೀನ್ಯಾಕೆ ಬರೀಬೇಕು? ನೀನು ಹೇಳು, ನನಗೆ ಅರ್ಥವಾದ ಹಾಗೆ ನಾನು ಬರ್ಕೋತೀನಿ" ಎಂದು ಪೆನ್ನು ಕಿತ್ತುಕೊಂಡಳು. ‘ನಕ್ಷತ್ರ: ನೀಲಿ ಬಾಟ್ಲಿದು. ಸೋಪು ಅಲ್ಲವೇ ಅಲ್ಲ. ಚೆಲ್ಲಿದರೆ ಒರೆಸು.’ ಅದರ ಕೆಳಗೆ, ‘ನಿಲ್ಲಿಸಲು: ಅಮುಕಿ ಹಿಡ್ಕೋ, ಬಿಡಬೇಡ.’

ಸೋಫಾದಿಂದಲೇ ಅಪ್ಪ ಕೂಗಿದರು: "ಲೇ, ಯಾರಾದರೂ ಊಟ ಹಾಕ್ತೀರಾ?"

ಅಮ್ಮ ಎದ್ದು ಹೋಗಿ ತಟ್ಟೆ ತೆಗೆದಳು. ಆ ಹೊತ್ತಿನ ಪಾತ್ರೆಗಳನ್ನು ನಾನೇ ಕೈಯಲ್ಲಿ ತೊಳೆದೆ.