ನಿಮಿಷಕ್ಕೆ ನಲವತ್ತೆರಡು ಹನಿ

ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ದುಡಿದು, ಸೊಂಟನೋವಿಗೆ ಸೋತು ಕೆಲಸ ಬಿಟ್ಟ ನರ್ಸಕ್ಕ ಆನ್‌ಲೈನ್ ಪಾಠದ ಜಾಲತಾಣದಲ್ಲಿ ‘ನರ್ಸಿಂಗ್, ಎಲ್ಲಾ ವಿಷಯ’ ಎಂದು ಬರೆದುಕೊಂಡಿದ್ದಳು. ಎರಡು ತಿಂಗಳಾದರೂ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

“ಎಲ್ಲಾ ಕಲಿಸ್ತೀನಿ ಅನ್ನೋರು ಅಲ್ಲಿ ಸಾವಿರ ಜನ ಇದಾರೆ ದೊಡ್ಡಮ್ಮ,” ಎಂದಳು ನರ್ಸಿಂಗ್ ಓದುತ್ತಿದ್ದ ತಂಗಿಯ ಮಗಳು. “ನಮ್ಮ ಕ್ಲಾಸಲ್ಲಿ ಎಲ್ರೂ ಒದ್ದಾಡೋದು ಡೋಸ್ ಲೆಕ್ಕಕ್ಕೆ. ಅದೊಂದನ್ನೇ ಹಿಡ್ಕೊಳ್ಳಿ. ಈಗ ನಂಗೇ ಹೇಳ್ಕೊಡಿ: ಐನೂರು ಎಂಎಲ್ ಡ್ರಿಪ್, ನಾಲ್ಕು ಗಂಟೇಲಿ ಹೋಗ್ಬೇಕು, ಎಂಎಲ್‌ಗೆ ಇಪ್ಪತ್ತು ಹನಿ. ನಿಮಿಷಕ್ಕೆಷ್ಟು?”

“ನಿಮಿಷಕ್ಕೆ ನಲವತ್ತೆರಡು.”

“ಅದು ಹೇಗೆ ಬಂತು?”

“ಅದು ಹಾಗೇ ಬರುತ್ತೆ,” ಎಂದಳು ನರ್ಸಕ್ಕ. ಇಷ್ಟು ವರ್ಷ ಮಾಡಿದ್ದನ್ನು ಹೇಳಲು ಬಾರದಲ್ಲ ಎಂದು ತನ್ನ ಮೇಲೇ ರೇಗಿತು.

ಆಗ ನೆನಪಾಯಿತು. ಕೆಲಸಕ್ಕೆ ಸೇರಿದ ವರ್ಷ ದಶಮಾಂಶದ ಚುಕ್ಕಿ ತಪ್ಪಿ, ಮಗುವೊಂದಕ್ಕೆ ಹತ್ತು ಪಟ್ಟು ಔಷಧಿಯನ್ನು ಸಿರಿಂಜಿಗೆ ಎಳೆದಿದ್ದಳು. ಹಿರಿಯ ನರ್ಸ್ ಕೈ ಹಿಡಿದು ತಡೆದು, ಲೆಕ್ಕವನ್ನು ಒಂದೊಂದೇ ಹೆಜ್ಜೆ ಬರೆಸಿದ್ದರು. ಆ ತಪ್ಪಿನ ಬಗ್ಗೆ ಇವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಹಾಳೆ ಎಳೆದುಕೊಂಡಳು. “ಒಟ್ಟು ಹನಿ ಎಷ್ಟು?”

“ಹತ್ತು ಸಾವಿರ.”

“ನಿಮಿಷ?”

“ಇನ್ನೂರ ನಲವತ್ತು. ಓ, ಭಾಗಿಸೋದಾ!”

ಸಂಜೆ ಜಾಲತಾಣದಲ್ಲಿ ಹಳೆಯ ಸಾಲನ್ನು ಅಳಿಸಿ ‘ಡೋಸ್ ಲೆಕ್ಕ ಮಾತ್ರ’ ಎಂದು ಬರೆದಳು. ‘ಕಲಿಸಿದ ಅನುಭವ’ ಎಂಬ ಖಾನೆ ಬಂತು. ಅದರಲ್ಲಿ ಬರೆದಳು: ‘ಇಲ್ಲ. ಲೆಕ್ಕ ತಪ್ಪಿದ ಅನುಭವ ಇದೆ, ಒಂದು ಸಲ.’