ಒಡೆಯದ ಹೆಂಟೆಯೂ ತೀರಿದ ಬಿಲ್ಲೂ

ಒಂದೇ ಅಂಗಡಿಯಲ್ಲಿ ಉದ್ರಿ ಹೇಳಿ ನಾಲ್ಕು ಸೀರೆ ತಂದಿದ್ದೀರಿ ಅಂದುಕೊಳ್ಳಿ. ಮೊದಲನೆಯದು ಮಡಿಕೆ ಬಿಚ್ಚಿದರೆ ಹರಿದಿದೆ. ಅದರ ಜಗಳ ಆಮೇಲೆ ಅಂತ ಉಳಿದ ಮೂರರ ದುಡ್ಡು ಒಟ್ಟಿಗೆ ಕಳಿಸಿದಿರಿ. ಅಂಗಡಿಯವನು, "ನೀವು ಮೊದಲು ತೀರಿಸಿದ್ದು ಹರಿದ ಸೀರೆಯದೇ, ಇನ್ನು ಅದರ ಮಾತು ಮುಗೀತು" ಅಂದರೆ ಏನು ಮಾಡುತ್ತೀರಿ? ನಗುತ್ತೀರೋ, ಚಪ್ಪಲಿ ಹುಡುಕುತ್ತೀರೋ?

ನಾನಂತೂ ಚಪ್ಪಲಿ ಹುಡುಕುವ ಪೈಕಿ. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿಸಿದ್ದಾಳೆ. ಕಲಿತ ಮೇಲೆ ಮೊದಲು ಬರೆಯಬೇಕು ಅನ್ನಿಸಿದ್ದು ಈ ಸಿಟ್ಟನ್ನೇ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ರಾಯಚೂರಿನ ಒಂದು ಗೊಬ್ಬರದ ಸಗಟು ಅಂಗಡಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾನ್ವಿ, ದೇವದುರ್ಗ, ಕವಿತಾಳದ ಅಂಗಡಿಗಳಿಗೆ ನಮ್ಮಿಂದ ಲಾರಿ ಹೋಗುತ್ತಿತ್ತು. ಹಣ ಹೆಚ್ಚಾಗಿ ಬ್ಯಾಂಕಿನ ಮೇಲ್ ಟ್ರಾನ್ಸ್‌ಫರ್ ಮೂಲಕ ಬರುತ್ತಿತ್ತು. ಅಲ್ಲಿನ ಬ್ಯಾಂಕಿನಲ್ಲಿ ಕಟ್ಟಿದರೆ ಟಪಾಲಿನಲ್ಲಿ ಇಲ್ಲಿನ ಬ್ಯಾಂಕಿಗೆ ತಿಳಿದು ನಮ್ಮ ಖಾತೆಗೆ ಜಮಾ ಆಗುತ್ತಿತ್ತು. ಬ್ಯಾಂಕು ನಮಗೆ ಕೊಡುವ ಚೀಟಿಯಲ್ಲಿ ಕಳಿಸಿದವರ ಹೆಸರು, ಊರು, ಮೊತ್ತ ಇಷ್ಟೇ. ಯಾವ ಬಿಲ್ಲಿಗೆ ಕಟ್ಟಿದರು ಅನ್ನುವುದು ಆ ಚೀಟಿಗೆ ಗೊತ್ತಿಲ್ಲ. ಅದನ್ನು ಹೊಂದಿಸುವುದು ನನ್ನ ಕೆಲಸ.

ಹೇಳುವುದಕ್ಕೆ ನನ್ನ ಕೆಲಸ. ಅದರ ಮೇಲೆ ಕೂತಿದ್ದವನು ಮುನೀಮ. ಅವನ ಪದ್ಧತಿ ಒಂದೇ. ಯಾರು ಎಷ್ಟೇ ಕಳಿಸಲಿ, ಅವರ ಹಳೆಯ ಬಿಲ್ಲಿನಿಂದ ಹೊಡೆಯುತ್ತ ಬರುವುದು, ಹಣ ಮುಗಿದಲ್ಲಿ ನಿಲ್ಲುವುದು. ಕಳಿಸಿದವರು ಏನೂ ಹೇಳದಿದ್ದರೆ, ಮೊತ್ತ ನೋಡಿದರೂ ಏನೂ ತಿಳಿಯದಿದ್ದರೆ ಅದು ಸರಿಯೇ. ಆದರೆ ಮೊತ್ತವೇ ಬಾಯಿಬಿಟ್ಟು ಹೇಳುತ್ತಿರುವಾಗ?

ದೇವದುರ್ಗದಲ್ಲಿ ಗೊಬ್ಬರದಂಗಡಿ ನಡೆಸುವ ಒಬ್ಬ ಅವ್ವ ಇದ್ದಳು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಕೀಲಿಗೊಂಚಲು. ನನ್ನ ತವರೂ ಅದೇ ಊರು. ಅವಳ ಹೆಸರಿನಲ್ಲಿ ನಾಲ್ಕು ಬಿಲ್ಲು ಬಾಕಿ ಇದ್ದವು. ಹಳೆಯದು ನಾಲ್ಕು ಸಾವಿರದ ಇನ್ನೂರರದು, ನಲವತ್ತು ಚೀಲ ಯೂರಿಯಾ. ಅದರಲ್ಲಿ ಹತ್ತು ಚೀಲ ನಮ್ಮ ಗೋದಾಮಿನಲ್ಲೇ ನೀರು ಕುಡಿದು ಕಲ್ಲಾಗಿದ್ದವು. ಆ ಹತ್ತು ಚೀಲದ ಸಾವಿರದ ಐವತ್ತು ರೂಪಾಯಿ ಕಡಿದು ಕೊಡುತ್ತೇವೆ ಅಂತ ನಮ್ಮ ಸೇಲ್ಸ್‌ಮನ್ ಅವಳಿಗೆ ಮಾತು ಕೊಟ್ಟು ಬಂದಿದ್ದ. ಅದಾದ ಮೇಲಿನ ಬಿಲ್ಲುಗಳು ಮೂರೂವರೆ ಸಾವಿರ, ಎರಡು ಸಾವಿರದ ಎಂಟುನೂರು, ಐದು ಸಾವಿರದ ಏಳುನೂರು. ತಿಂಗಳೊಳಗೆ ಕಟ್ಟಿದರೆ ನೂರಕ್ಕೆ ಎರಡು ರೂಪಾಯಿ ಸೋಡಿ.

ಬ್ಯಾಂಕಿಗೆ ಬಂದದ್ದು ಹನ್ನೊಂದು ಸಾವಿರದ ಏಳುನೂರ ಅರವತ್ತು. ಹೊಸ ಮೂರು ಬಿಲ್ಲು ಕೂಡಿಸಿದರೆ ಹನ್ನೆರಡು ಸಾವಿರ. ಅದರಲ್ಲಿ ಸೋಡಿ ಇನ್ನೂರ ನಲವತ್ತು ಕಳೆಯಿರಿ. ಮೂರೂ ತಿಂಗಳೊಳಗಿನವೇ. ಮೊತ್ತ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ನಾನು ಮೂರನ್ನೂ ತೀರಿಸಿ, ಹಳೆಯದನ್ನು ಬಾಕಿ ಬಿಟ್ಟು ಬರೆದೆ.

ಮುನೀಮ ನನ್ನ ಬರಹದ ಮೇಲೆ ಕೆಂಪು ಗೆರೆ ಎಳೆದ. ಹಳೆಯದು ಪೂರ್ತಿ, ಆಮೇಲಿನ ಎರಡು ಪೂರ್ತಿ, ಕೊನೆಯದಕ್ಕೆ ಸಾವಿರದ ಇನ್ನೂರ ಅರವತ್ತು. ಸೋಡಿ ಇಲ್ಲ. ಬಾಕಿ ನಾಲ್ಕು ಸಾವಿರದ ನಾನೂರ ನಲವತ್ತು. ಆ ಒಂದು ಗೆರೆಯಿಂದ ಕಲ್ಲುಚೀಲದ ಬಿಲ್ಲು ತೀರಿಹೋಗಿತ್ತು. ಪೂರ್ತಿ ಹಣ ಕೊಟ್ಟವಳಿಗೆ ತಕರಾರು ಎಲ್ಲಿಯದು?

ನಾನು ಮ್ಯಾನೇಜರ ಹತ್ತಿರ ಹೋದೆ. ಅವನು ನನ್ನನ್ನೇ ಸಮಾಧಾನ ಮಾಡಿದ. ಹಳೆ ಬಿಲ್ಲು ಬಾಕಿ ಇದ್ದವರಿಗೆ ಲಾರಿ ಬಿಡುವಂತಿಲ್ಲ, ಮುನೀಮ ಅದನ್ನು ತೀರಿಸಿ ನಿಮ್ಮ ಅವ್ವನಿಗೆ ಉಪಕಾರವನ್ನೇ ಮಾಡಿದ್ದಾನೆ ಅಂದ. ಸೇಲ್ಸ್‌ಮನ್ ಕೊಟ್ಟ ಮಾತೇನಾಯಿತು ಅಂದರೆ, ಅವನು ಮಾನ್ವಿಗೆ ಹೋಗಿದ್ದಾನೆ, ಬಂದ ಮೇಲೆ ನೋಡೋಣ ಅಂದ. ಆಮೇಲೆ ನಗುತ್ತ, "ತವರೂರಿನ ಕಡಿ ವಕೀಲಕಿ ಶುರು ಮಾಡೀರೇನ್ರಿ?" ಅಂತ ಕೇಳಿದ.

ಇಷ್ಟು ವರ್ಷದ ಮೇಲೂ ಆ ನಗು ನೆನೆದರೆ ಮೈ ಉರಿಯುತ್ತದೆ. ಕೂಡಿಸಿ ಕಳೆದು ತೋರಿಸಿದ ಲೆಕ್ಕಕ್ಕೆ ಊರು ಯಾವುದು, ತವರು ಯಾವುದು? ಬಾಕಿಯ ಪತ್ರ ದೇವದುರ್ಗಕ್ಕೆ ಹೋಯಿತು. ಅದನ್ನು ಬರೆದವಳು ನಾನೇ ಆಗಬೇಕಾಯಿತು. ಬರೆಯುತ್ತ ಲೆಕ್ಕಣಿಕೆ ಎಷ್ಟು ಒತ್ತಿದೆನೆಂದರೆ ಕಾಗದ ತೂತು ಬಿತ್ತು.

ಪತ್ರ ಮುಟ್ಟಿದ ಮರುದಿನವೇ ಅವ್ವ ಮೊದಲನೇ ಬಸ್ಸಿಗೆ ಬಂದಳು. ಬಗಲಲ್ಲಿ ಒಂದು ಗಂಟು. ನೆಟ್ಟಗೆ ಮ್ಯಾನೇಜರ ಮೇಜಿನ ಮೇಲೆ ಗಂಟು ಬಿಚ್ಚಿದಳು. ಒಳಗೆ ಮಕ್ಕಳ ತಲೆಯಷ್ಟು ದೊಡ್ಡ ಯೂರಿಯಾ ಹೆಂಟೆ. ಮೇಜಿನ ಗಾಜಿನ ಮೇಲೆ ಅದು ಕೂತ ಸದ್ದಿಗೆ ಮುನೀಮ ಕನ್ನಡಕ ಸರಿಪಡಿಸಿಕೊಂಡ.

"ಇದಕ್ಕ ನಾ ರೊಕ್ಕ ಕೊಟ್ಟೀನಿ ಅಂತ ಬರದೀರಂತಲ್ಲರೀ. ಕೊಟ್ಟಿದ್ದು ಖರೆ ಆದ್ರ, ಇದನ್ನ ಹೊಲಕ್ಕ ಹಾಕೂದು ಹೆಂಗಂತ ತೋರಿಸ್ರಿ."

ಮುನೀಮ ಪದ್ಧತಿ ಹೇಳಿದ. ಯಾವ ಬಿಲ್ಲಿಗೆ ಅಂತ ನೀವು ತಿಳಿಸಬೇಕಿತ್ತು ಅಂದ. ತಿಳಿಸಿದ್ದೇನೆ ಅಂದಳು ಅವ್ವ. ಯಾರಿಗೆ? ಹಣ ಕಟ್ಟುವಾಗ ದೇವದುರ್ಗದ ಬ್ಯಾಂಕಿನ ಸಾಹೇಬನಿಗೆ. ಹಳೆಯದನ್ನು ಬಿಟ್ಟು ಉಳಿದ ಮೂರಕ್ಕೆ ಅಂತ ಹೇಳಿ ಕಳಿಸಪ್ಪಾ ಅಂದಿದ್ದಳಂತೆ, ಅವನೂ ಆಗಲಿ ಅವ್ವಾರ ಅಂದಿದ್ದನಂತೆ. ಹಣದ ಜೊತೆ ಮಾತನ್ನೂ ಬ್ಯಾಂಕು ಹೊತ್ತು ತರುತ್ತದೆ ಅಂತ ಅವಳು ನಂಬಿದ್ದಳು. ಸಂತೆಗೆ ಹೋಗುವವರ ಕೈಯಲ್ಲಿ ದುಡ್ಡೂ ಮಾತೂ ಕೂಡಿಸಿ ಕೊಟ್ಟು ರೂಢಿಯಾದವಳು, ಇನ್ನೇನು ನಂಬುತ್ತಾಳೆ?

ಮುನೀಮ ನಕ್ಕ. ನನಗೆ ಇನ್ನು ತಡೆಯಲಾಗಲಿಲ್ಲ. ಅವ್ವನ ಬಾಯಿಮಾತು ಬಿಡಿ, ಹಳೆಯದರಿಂದ ಹೊಡೆಯುತ್ತ ಬಂದರೆ ಕೊನೆಗೆ ಸಾವಿರದ ಇನ್ನೂರ ಅರವತ್ತು ಅನ್ನುವ ಬಾಲ ಉಳಿಯುತ್ತದೆ, ಅಂಥ ಬಾಲ ಯಾವ ವ್ಯಾಪಾರಿ ಕಳಿಸುತ್ತಾನೆ, ಮೂರಕ್ಕೆ ಹಚ್ಚಿದರೆ ಸೋಡಿ ಸಮೇತ ಸೊನ್ನೆಗೆ ಬರುತ್ತದೆ ಅಂದೆ. ಮ್ಯಾನೇಜರ ಹೆಂಟೆಯನ್ನು ನೋಡುತ್ತಿದ್ದ, ನನ್ನನ್ನಲ್ಲ. ಹಾಗಾದರೆ ಹಳೆ ಬಿಲ್ಲು ಬಾಕಿಯಾಗುತ್ತದೆ, ದೇವದುರ್ಗಕ್ಕೆ ಅಂತ ಹೊರಗೆ ತುಂಬಿ ನಿಂತಿರುವ ಲಾರಿ ಮಾನ್ವಿಗೆ ಹೋಗುತ್ತದೆ ಅಂದ.

ಅವ್ವ ಸೆರಗಿನ ಗಂಟು ಬಿಚ್ಚಿದಳು. "ಮೂವತ್ತು ಚೀಲ ಚಲೋ ಇದ್ವು. ಅದರ ರೊಕ್ಕ ಮೂರು ಸಾವಿರದ ನೂರಾ ಐವತ್ತು, ಎಣಿಸ್ಕೋರಿ. ಹತ್ತು ಚೀಲದ್ದು ನೀವು ಕಡೀರಿ. ಆಮ್ಯಾಲ ಲಾರಿ ಎಲ್ಲಿಗಿ ಹೋಗತೈತಿ ಹೇಳ್ರಿ."

ಅಷ್ಟರಲ್ಲಿ ಲಾರಿಯ ಡ್ರೈವರ್, ಹಮಾಲರು ಎಲ್ಲ ಬಾಗಿಲಿಗೆ ಬಂದು ಹೆಂಟೆ ನೋಡುತ್ತಿದ್ದರು. ಮ್ಯಾನೇಜರ ಬೆವರು ಒರೆಸಿಕೊಂಡು, ಹೊಂದಾಣಿಕೆ ತಿರುಗಿಸಿ ಬರೆಯಲು ಹೇಳಿದ. ಹತ್ತು ಚೀಲದ ಕ್ರೆಡಿಟ್ ನೋಟಿಗೂ ಸಹಿ ಹಾಕಿದ. ಮುನೀಮನ ಕೆಂಪು ಗೆರೆಯ ಮೇಲೆ ನಾನು ನೀಲಿ ಗೆರೆ ಎಳೆದೆ, ಸ್ವಲ್ಪ ಉದ್ದವಾಗಿಯೇ. ಲಾರಿ ದೇವದುರ್ಗದ ದಾರಿ ಹಿಡಿಯಿತು.

ನಿಮ್ಮ ಲೆಕ್ಕ ಸರಿ ಇತ್ತು ಅಂತ ಆ ಇಬ್ಬರಲ್ಲಿ ಒಬ್ಬನೂ ನನಗೆ ಹೇಳಲಿಲ್ಲ. ಬದಲಿಗೆ ಮ್ಯಾನೇಜರ, ಒಟ್ಟಿಗೆ ಹಣ ಕಳಿಸುವವರು ಬಿಲ್ಲಿನ ನಂಬರು ಬರೆದು ಕಾರ್ಡು ಹಾಕತಕ್ಕದ್ದು ಅಂತ ಎಲ್ಲ ಅಂಗಡಿಗಳಿಗೂ ಪತ್ರ ಬರೆಯಲು ಹೇಳಿದ. ತಪ್ಪೆಲ್ಲ ಅಂಗಡಿಯವರದೇ ಅನ್ನುವ ಹಾಗೆ.

ಅವ್ವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಹೆಂಟೆಯನ್ನು ಅವಳು ಮ್ಯಾನೇಜರ ಮೇಜಿನ ಮೇಲೇ ಬಿಟ್ಟು ಬಂದಿದ್ದಳು. ಬಸ್ಸು ಹತ್ತುವಾಗ ನಾನೂ ದೊಡ್ಡ ಲೆಕ್ಕದವಳ ಗತ್ತಿನಲ್ಲಿ ಬುದ್ಧಿ ಹೇಳಿದೆ: ಇನ್ನು ಮೇಲೆ ಬ್ಯಾಂಕಿನವರಿಗೆ ಹೇಳಿದರೆ ನಡೆಯುವುದಿಲ್ಲ, ನಮಗೇ ಒಂದು ಕಾರ್ಡು ಬರೀಬೇಕು.

ಅವ್ವ ಮೆಟ್ಟಿಲ ಮೇಲಿಂದ ತಿರುಗಿ ನನ್ನನ್ನು ನೋಡಿದಳು.

"ಬರೀತೀನಿ ತಗೋ ಯವ್ವಾ. ಆದ್ರ ಅದನ್ನ ಓದಾಕ ನಿಮ್ಮ ಮುನೀಮಗ ಕಣ್ಣು ಬೇಕಲ್ಲ, ಅವನ್ನೂ ನಾನೇ ಗಂಟು ಕಟ್ಕೊಂಡು ತರಬೇಕೇನು?"