ಕೊನೆಯ ಸಾಲಿನ ‘ಒಟ್ಟು’

ಬೆನ್ನುಚೀಲದ ಕಂಪನಿಗೆ ಜಾಹೀರಾತು ಬರೆಯುವ ಹುಡುಗಿ ಅವರನ್ನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ. ಕೆಳಗಿನ ಅಂತಸ್ತಿನಲ್ಲಿ ಬೆನ್ನುಚೀಲ ಹೊಲಿಯುವ ಯಂತ್ರಗಳು ಆಗಷ್ಟೇ ಶುರುವಾಗಿ, ಮೇಲಿನ ಕಚೇರಿಯ ನೆಲ ಸಣ್ಣಗೆ ನಡುಗುತ್ತಿತ್ತು. ಐವತ್ತು ದಾಟಿದ ವಯಸ್ಸು, ತೋಳು ಮಡಚದ ಬಿಳಿ ಅಂಗಿ, ಕೈಯಲ್ಲಿ ನೀರಿನ ಬಾಟಲಿ. ಜೇಬಿನಲ್ಲಿ ಪೆನ್ನಿನ ಜೊತೆಗೊಂದು ಆರಿಂಚಿನ ಸ್ಟೀಲ್ ಸ್ಕೇಲು. ಬಂದವರು ಕುರ್ಚಿ ಹುಡುಕಲಿಲ್ಲ. ಗೋಡೆಗೆ ಅಂಟಿಸಿದ್ದ ಅವಳ ಜಾಹೀರಾತಿನ ಮುಂದೆ ನಿಂತುಬಿಟ್ಟರು.

“ಇದನ್ನ ಬರೆದೋರು ಯಾರು?”

“ನಾನೇ, ಸರ್.”

“ಚೆನ್ನಾಗಿದೆ. ಆದ್ರೆ ‘ಗಟಿ ಹೊಲಿಗೆ’ ಅಂತಿದೆ ನೋಡಿ. ಒಂದು ಒತ್ತು ಬಿದ್ದುಹೋಗಿದೆ. ಒತ್ತಿಲ್ಲದೆ ಗಟ್ಟಿ ಹೇಗಾಗುತ್ತೆ, ಕವಿಗಳೇ?”

ಅವಳ ಕಿವಿ ಬಿಸಿಯಾಯಿತು. ಆ ದಿನದಿಂದ ಅವಳು ಕಚೇರಿಗೆಲ್ಲ ‘ಕವಿಗಳು’ ಆದಳು.

ಅವರು ಇಪ್ಪತ್ತೆರಡು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅದು ಮುಚ್ಚಿದ ಮೇಲೆ ಮಗಳ ಪುಸ್ತಕ ಇಟ್ಟುಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಈಗ ಇಲ್ಲಿ ಜಾಹೀರಾತಿನ ಲೆಕ್ಕ ನೋಡಲು ಸೇರಿದ್ದರು. ಕಂಪನಿಯ ಜಾಹೀರಾತು ಮೂರು ಕಡೆ ಓಡುತ್ತಿತ್ತು: ಹುಡುಕುವ ತಾಣ, ಫೋಟೋ ತಾಣ, ವಿಡಿಯೋ ತಾಣ. ತಿಂಗಳ ಕೊನೆಗೆ ಮೂರರಿಂದಲೂ ಖರ್ಚಿನ ಫೈಲ್ ಇಳಿಸಿಕೊಳ್ಳಬೇಕು. ಮೂರೂ ಮೂರು ದಿಕ್ಕಿಗೆ ಮುಖ ಮಾಡಿದ ಫೈಲುಗಳು. ಒಂದರಲ್ಲಿ ತಲೆಬರಹಕ್ಕೆ ಮೊದಲೇ ಎರಡು ಬೇಡದ ಸಾಲು, ಇನ್ನೊಂದರಲ್ಲಿ ಅಂಕಿಗಳ ನಡುವೆ ಅಲ್ಪವಿರಾಮ. ಆ ಅಲ್ಪವಿರಾಮ ತೆಗೆಯದಿದ್ದರೆ ಕಂಪ್ಯೂಟರು ಅಂಕಿಯನ್ನು ಅಂಕಿಯೆಂದೇ ಒಪ್ಪುವುದಿಲ್ಲ. ಅವರು ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಇವನ್ನೆಲ್ಲ ಸೋಸಿ, ಕಾಲಂಗಳಿಗೆ ಒಂದೇ ಹೆಸರು ಕೊಟ್ಟು, ಮೂರನ್ನೂ ಒಂದು ಪಟ್ಟಿ ಮಾಡುತ್ತಿತ್ತು. ಹಾಗಾಗಿ ಅವರಿಗೆ ‘ಜರಡಿ ಸರ್’ ಎಂಬ ಹೆಸರು ಬಿತ್ತು.

“ಮೂರೂ ತಾಣ ಸೇರಿ ಎಂಟುನೂರ ಎಂಬತ್ತು ಗಿರಾಕಿ ತಂದ್ವಿ ಅಂತಾವೆ. ನಮ್ಮ ಆರ್ಡರ್ ಪಟ್ಟಿಯಲ್ಲಿ ಹೊಸಬರು ಆರುನೂರೇ,” ಎಂದು ಒಮ್ಮೆ ಅವಳಿಗೆ ಬಿಡಿಸಿ ಹೇಳಿದ್ದರು. “ಒಬ್ಬನೇ ಗಿರಾಕಿಯನ್ನ ಮೂರು ಜನ ‘ನಮ್ಮೋನು’ ಅಂತ ಎಳೀತಾರೆ. ಅದಕ್ಕೇ ಅವರ ಲೆಕ್ಕ ಬೇಡ. ಮೂರರ ಖರ್ಚು ಕೂಡಿಸಿ ನಮ್ಮ ಆರುನೂರರಿಂದ ಭಾಗಿಸಿ. ಒಬ್ಬ ಹೊಸ ಗಿರಾಕಿಗೆ ಬಿದ್ದ ನಿಜವಾದ ಖರ್ಚು ಅದು.”

ಮೇಡಂ, ಅಂದರೆ ಕಂಪನಿಯ ಒಡತಿ, ಆ ಖರ್ಚು ದಾಟಬಾರದೆಂದು ಮುನ್ನೂರೈವತ್ತು ರೂಪಾಯಿಯ ಗೆರೆ ಎಳೆದಿದ್ದರು. ಆ ತಿಂಗಳು ಬಂದ ಉತ್ತರ ನಾನೂರೈವತ್ತು. ಫೋಟೋ ತಾಣದ ಖರ್ಚು ಎದ್ದು ಕಾಣುತ್ತಿತ್ತು. ಅಲ್ಲಿ ಓಡುತ್ತಿದ್ದದ್ದು ಅವಳು ಬರೆದ ಕನ್ನಡದ ಸರಣಿ.

“ಬೇಜಾರು ಮಾಡ್ಕೋಬೇಡಮ್ಮ. ಮಧ್ಯಾಹ್ನ ಊಟ ಆದ್ಮೇಲೆ ಅದನ್ನ ನಿಲ್ಲಿಸ್ತೀನಿ,” ಎಂದರು ಮೇಡಂ.

ಅವಳಿಗೆ ಡಬ್ಬಿ ಬಿಚ್ಚುವ ಮನಸ್ಸಾಗಲಿಲ್ಲ. ಅವಳ ಮನೆಯಲ್ಲಿ ಇದುವರೆಗೆ ಬರೆದು ಸಂಬಳ ತಂದವರಿರಲಿಲ್ಲ. ಆ ಸರಣಿಯ ಒಂದೊಂದು ಸಾಲನ್ನೂ ಅವಳ ಅಮ್ಮ ಫೋನಿನಲ್ಲಿ ಓದಿಸಿ ಕೇಳಿದ್ದಳು.

ಜರಡಿ ಸರ್ ಮಾತ್ರ ಊಟಕ್ಕೆ ಏಳಲಿಲ್ಲ. ಫೋಟೋ ತಾಣದ ಫೈಲ್ ತೆರೆದು, ಪರದೆಯ ಮೇಲೆ ಸ್ಕೇಲು ಇಟ್ಟು, ಕರಡು ಓದುವಂತೆ ಒಂದೊಂದೇ ಸಾಲು ಇಳಿದರು. ಕೊನೆಯ ಸಾಲಿಗೆ ಬಂದು ಸ್ಕೇಲು ನಿಂತಿತು.

“ಕವಿಗಳೇ, ಈ ತಾಣದ ಭಾಷೆ ಬದಲಾಯಿಸಿದ್ದು ನೀವೇನಾ?”

“ಹೂಂ ಸರ್… ಹೋದ ತಿಂಗಳು. ಇಂಗ್ಲಿಷಲ್ಲಿ ಬಟನ್ ಹುಡುಕೋದೇ ಕಷ್ಟ ಆಗ್ತಿತ್ತು. ಕನ್ನಡ ಹಾಕ್ಕೊಂಡೆ. ತಪ್ಪಾಯ್ತಾ?”

“ನಿಮ್ದಲ್ಲ, ನನ್ದು. ಕಾಲಂ ಹೆಸರು ಕನ್ನಡ ಆದಾಗ ಸ್ಕ್ರಿಪ್ಟು ಗಕ್ಕನೆ ನಿಂತು ಬೊಬ್ಬೆ ಹಾಕ್ತು, ಸರಿ ಮಾಡಿದೆ. ಇದು ಸದ್ದಿಲ್ಲದೆ ಒಳಗೆ ಬಂದಿದೆ.” ಸ್ಕೇಲಿನ ತುದಿಯಿಂದ ತೋರಿಸಿದರು. “‘ಟೋಟಲ್’ ಅಂತ ಇಂಗ್ಲಿಷಲ್ಲಿರೋ ಸಾಲು ಬಂದ್ರೆ ಬಿಟ್ಟುಬಿಡು ಅಂತ ಬರೆದಿದ್ದೆ. ಇಲ್ಲಿ ‘ಒಟ್ಟು’ ಅಂತಿದೆ. ಅದನ್ನೂ ಒಂದು ಜಾಹೀರಾತು ಅಂದ್ಕೊಂಡು ಕೂಡಿಸಿಬಿಟ್ಟಿದೆ ಈ ಪೆದ್ದು ಸ್ಕ್ರಿಪ್ಟು.”

ಫೋಟೋ ತಾಣದ ತೊಂಬತ್ತು ಸಾವಿರ ಎರಡು ಸಲ ಸೇರಿತ್ತು. ಆ ಸಾಲು ತೆಗೆದರೆ ಮೂರೂ ತಾಣದ ಖರ್ಚು ಎರಡು ಲಕ್ಷದ ಎಪ್ಪತ್ತು ಸಾವಿರವಲ್ಲ, ಒಂದು ಲಕ್ಷದ ಎಂಬತ್ತು ಸಾವಿರ. ಆರುನೂರರಿಂದ ಭಾಗಿಸಿದರೆ ಮುನ್ನೂರು.

ಮೇಡಂ ಪರದೆ ನೋಡಿ, ತಾವೇ ಒಮ್ಮೆ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. “ಏನ್ರೀ ಜರಡಿ ಸರ್, ನಿಮ್ಮ ಜರಡಿಗೂ ತೂತಾ?”

“ತೂತಿಲ್ಲದ ಜರಡಿಗೆ ತಟ್ಟೆ ಅಂತಾರೆ, ಮೇಡಂ.”

ಮೇಡಂ ನಕ್ಕೇಬಿಟ್ಟರು. ಸರಣಿ ಉಳಿಯಿತು. ಅವಳು ತಣ್ಣಗಾಗಿದ್ದ ಡಬ್ಬಿ ಬಿಚ್ಚಿ ಅರ್ಧವನ್ನು ಅವರ ಮುಂದಿಟ್ಟಳು. ಅವರು ಬೇಡವೆನ್ನಲಿಲ್ಲ.

ಆ ಸಂಜೆಯೇ ಸ್ಕ್ರಿಪ್ಟಿಗೆ ಎರಡು ಮಾತು ಸೇರಿದವು. ಮೊತ್ತದ ಸಾಲು ಯಾವ ಭಾಷೆಯಲ್ಲಿದ್ದರೂ ಹೊರಗಿಡಬೇಕು. ಉಳಿದ ಸಾಲುಗಳನ್ನು ಕೂಡಿಸಿ, ಹಾಗೆ ಹೊರಗಿಟ್ಟ ಮೊತ್ತದ ಜೊತೆ ತಾಳೆ ನೋಡಬೇಕು, ಹೊಂದದಿದ್ದರೆ ನಿಲ್ಲಬೇಕು. ತಾಣದ ಭಾಷೆಯನ್ನು ಮತ್ತೆ ಇಂಗ್ಲಿಷಿಗೆ ಬದಲಾಯಿಸುವುದು ಬೇಡವೆಂದು ಅವರೇ ಹೇಳಿದರು.

ಈಗ ಜರಡಿ ಸರ್ ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಬೆಳಿಗ್ಗೆ ಫೈಲುಗಳನ್ನು ಸೋಸುತ್ತಾರೆ, ಮಧ್ಯಾಹ್ನದ ಮೇಲೆ ಸ್ಕೇಲು ಇಟ್ಟುಕೊಂಡು ಅವಳ ಜಾಹೀರಾತುಗಳ ಕರಡು ತಿದ್ದುತ್ತಾರೆ.